ತೆಗೆದದ್ದು ತಿರುಳು, ಉಳಿದದ್ದು ಸಿಪ್ಪೆ

"ನನಗೆ ಪ್ರಾಸ್ಟೇಟೇ ಇಲ್ಲವಲ್ಲೋ, ಮತ್ತೆ ಅದರ ಟೆಸ್ಟ್ ಯಾಕೆ ಮಾಡಿದಾರೆ? ದುಡ್ಡು ಕೀಳೋಕಾ?"

ಬೆಳಿಗ್ಗೆ ಏಳಕ್ಕೇ ಸೋದರಮಾವನ ಫೋನು. ಅವರಿಗೆ 73 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮಗಳು ಯಾವುದೋ ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿದ್ದಳು. ಅದರ ವರದಿಯ ಕೊನೆಯ ಪುಟದಲ್ಲಿ ಪಿಎಸ್‌ಎ 3.8 ಎಂದಿತ್ತು. ಪಕ್ಕದಲ್ಲಿ '4ರ ಒಳಗಿದ್ದರೆ ಸರಿ' ಎಂದೂ ಇತ್ತು. ಮಾವನ ತಕರಾರು ಅಂಕಿಯ ಬಗ್ಗೆ ಅಲ್ಲ. ಏಳು ವರ್ಷದ ಹಿಂದೆ ಆಪರೇಷನ್ ಮಾಡಿಸಿ ಪ್ರಾಸ್ಟೇಟನ್ನೇ ತೆಗೆಸಿಯಾಗಿದೆ, ಇಲ್ಲದ ಗ್ರಂಥಿಗೆ ಪರೀಕ್ಷೆ ಯಾಕೆ ಅನ್ನುವುದು ಅವರ ಪ್ರಶ್ನೆ.

ನಾನು ಪೆಥಾಲಜಿ ಓದಿದವನು. ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂರುವ ಕೆಲಸ. ಪ್ರಾಸ್ಟೇಟ್ ಆಪರೇಷನ್ ಆದವರಲ್ಲಿ ಬಹುಪಾಲು ಜನ ಮಾವನ ಹಾಗೇ ನಂಬಿರುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಈ ಆಪರೇಷನ್ನಿಗೆ ಹೆಸರು ತಂದುಕೊಟ್ಟ ಸರ್ಜನ್ನೇ ಒಮ್ಮೆ ಹಾಗೆ ನಂಬಿದ್ದರು.

ಅವರು ಪೀಟರ್ ಫ್ರೇಯರ್. ಐರ್ಲೆಂಡಿನವರು. ವರ್ಷಗಟ್ಟಲೆ ಭಾರತದಲ್ಲೇ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು, ನಿವೃತ್ತರಾದ ಮೇಲೆ ಲಂಡನ್ನಿನಲ್ಲಿ ನೆಲೆಸಿದವರು. ಮೂತ್ರ ಕಟ್ಟಿಕೊಂಡು ಒದ್ದಾಡುತ್ತಿದ್ದ ಮುದುಕರ ಕಿಬ್ಬೊಟ್ಟೆ ಕೊಯ್ದು, ಮೂತ್ರಕೋಶದೊಳಗೆ ಬೆರಳು ಹಾಕಿ, ಊದಿಕೊಂಡ ಪ್ರಾಸ್ಟೇಟನ್ನು ಬೆರಳಿನಿಂದಲೇ ಬಿಡಿಸಿ ತೆಗೆಯುತ್ತಿದ್ದರು. 1901ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಆ ಬಗ್ಗೆ ಬರೆದಾಗ, ಇಡೀ ಪ್ರಾಸ್ಟೇಟನ್ನು ಅದರ ಕವಚದೊಳಗಿಂದ ಸಂಪೂರ್ಣ ತೆಗೆದಿದ್ದೇನೆ ಎಂದು ಹೇಳಿಕೊಂಡರು. ಗಡ್ಡೆ ನುಣ್ಣಗೆ, ದುಂಡಗೆ, ಒಂದೇ ತುಂಡಾಗಿ ಕೈಗೆ ಬರುತ್ತಿತ್ತು. ಹಿಂದೆ ತೆಳ್ಳಗಿನ ಒಂದು ಪೊರೆ ಮಾತ್ರ ಉಳಿಯುತ್ತಿತ್ತು. ಕಣ್ಣೆದುರಿಗೇ ಹಾಗೆ ಕಾಣುತ್ತಿರುವಾಗ ಯಾರಾದರೂ ಪೂರ್ತಿ ಬಂತು ಅಂತಲೇ ಅಂದುಕೊಳ್ಳುತ್ತಾರೆ. ಆದರೆ ಆ 'ಪೊರೆ'ಯನ್ನು ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅದರಲ್ಲಿ ಗ್ರಂಥಿಗಳು ಕಂಡವು. ಫ್ರೇಯರ್ ಕವಚವೆಂದು ಬಿಟ್ಟುಬಂದದ್ದು ಅಮುಕಿಹೋಗಿದ್ದ ನಿಜವಾದ ಪ್ರಾಸ್ಟೇಟ್. ಅವರು ಹೊರಗೆ ತೆಗೆದದ್ದು ಅದರೊಳಗೆ ಬೆಳೆದುಕೊಂಡಿದ್ದ ಗಡ್ಡೆ.

ಚಕ್ಕೋತದ ಹಣ್ಣನ್ನು ನೆನೆಸಿಕೊಳ್ಳಿ. ದೇವನಹಳ್ಳಿಯ ಕಡೆಯವರಿಗೆ ಹೇಳಬೇಕಿಲ್ಲ, ಅದರ ಸಿಪ್ಪೆ ದಪ್ಪ, ಒಳಗೆ ತೊಳೆಗಳು ಬೇರೆ. ಸಿಪ್ಪೆಗೆ ಒಂದು ಕಡೆ ತೂತು ಮಾಡಿ ತೊಳೆಯನ್ನೆಲ್ಲ ಒಳಗಿಂದ ಕೆರೆದು ತೆಗೆದರೆ ಸಿಪ್ಪೆ ಹಾಗೇ ನಿಂತಿರುತ್ತದೆ. ಪ್ರಾಸ್ಟೇಟಿನ ವಿಷಯದಲ್ಲಿ ಊದಿಕೊಳ್ಳುವುದು ತೊಳೆ. ಕ್ಯಾನ್ಸರ್ ಬಹುಪಾಲು ಹುಟ್ಟುವುದು ಸಿಪ್ಪೆಯಲ್ಲಿ. ಒಂದೇ ಅಂಗದಲ್ಲಿ ಎರಡು ಕಾಯಿಲೆ ಎರಡು ಕಡೆ ಯಾಕೆ ಹುಟ್ಟುತ್ತವೆ ಎಂದು ಕೇಳುವ ಮೊದಲು, ಈ ಎರಡು ಭಾಗಗಳು ಬೇರೆ ಬೇರೆ ಎಂಬುದು ಹೇಗೆ ಗೊತ್ತಾಯಿತು ಎಂದು ಹೇಳಬೇಕು. ಅದು ಕತ್ತಿ ಹಿಡಿದ ದಿಕ್ಕಿನ ಕಥೆ.

ಪ್ರಾಸ್ಟೇಟ್ ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಕುಳಿತಿರುವ ಗ್ರಂಥಿ. ಹರೆಯದವರಲ್ಲಿ ಸುಮಾರು 20 ಗ್ರಾಂ, ಸಣ್ಣದೊಂದು ನಿಂಬೆಹಣ್ಣಿನಷ್ಟು. ಮೂತ್ರನಾಳ ಅದರ ನಡುವೆ ತೂರಿಕೊಂಡು ಕೆಳಗಿಳಿಯುತ್ತದೆ. ವೀರ್ಯದಲ್ಲಿರುವ ದ್ರವದ ಒಂದು ಪಾಲನ್ನು ತಯಾರಿಸಿ ಆ ನಾಳಕ್ಕೆ ಸುರಿಯುವುದು ಇದರ ಕೆಲಸ. 1912ರಲ್ಲಿ ಲೌಸ್ಲಿ ಎಂಬ ಅಮೆರಿಕದ ವೈದ್ಯ ಗರ್ಭಸ್ಥ ಶಿಶುಗಳ ಪ್ರಾಸ್ಟೇಟನ್ನು ನೋಡಿ ಅದಕ್ಕೆ ಐದು ಹಾಲೆಗಳಿವೆ ಎಂದಿದ್ದರು. ಪಠ್ಯಪುಸ್ತಕಗಳು ಅದನ್ನೇ ದಶಕಗಟ್ಟಲೆ ಹೇಳಿಕೊಂಡು ಬಂದವು. ತೊಂದರೆ ಏನೆಂದರೆ, ದೊಡ್ಡವರ ಪ್ರಾಸ್ಟೇಟನ್ನು ಕೊಯ್ದು ನೋಡಿದರೆ ಆ ಹಾಲೆಗಳ ಗಡಿ ಎಲ್ಲೂ ಕಾಣುತ್ತಿರಲಿಲ್ಲ.

ಜಾನ್ ಮೆಕ್‌ನೀಲ್ ಎಂಬ ಅಮೆರಿಕದ ಪೆಥಾಲಜಿಸ್ಟ್ ಸತ್ತವರ ಪ್ರಾಸ್ಟೇಟುಗಳನ್ನು ಸಂಗ್ರಹಿಸಿ ಒಂದೊಂದಾಗಿ ನೋಡುತ್ತಾ ಹೋದರು. ಅದುವರೆಗೆ ಎಲ್ಲರೂ ಗ್ರಂಥಿಯನ್ನು ಸೌತೆಕಾಯಿ ಬಿಲ್ಲೆ ಮಾಡಿದಂತೆ ಅಡ್ಡಡ್ಡ ಕೊಯ್ಯುತ್ತಿದ್ದರು. ಆದರೆ ಮೂತ್ರನಾಳ ಪ್ರಾಸ್ಟೇಟಿನೊಳಗೆ ನೆಟ್ಟಗೆ ಇಳಿಯುವುದಿಲ್ಲ. ಅರ್ಧ ದಾರಿಯಲ್ಲಿ ಸುಮಾರು 35 ಡಿಗ್ರಿ ಮುಂದಕ್ಕೆ ಬಾಗುತ್ತದೆ. ಬಾಗಿದ ಕೊಳವೆಯ ಸುತ್ತ ಇರುವುದನ್ನು ಅಡ್ಡ ಬಿಲ್ಲೆಗಳಲ್ಲಿ ನೋಡಿದರೆ ಒಂದಕ್ಕೊಂದು ಸಂಬಂಧವೇ ತಿಳಿಯುವುದಿಲ್ಲ. ಮೆಕ್‌ನೀಲ್ ನಾಳದ ಉದ್ದಕ್ಕೆ, ಅದರ ಬಾಗಿಗೆ ತಕ್ಕಂತೆ ಕೊಯ್ದರು. ಆಗ ಗ್ರಂಥಿಗಳು ಯಾವ ಕಡೆಯಿಂದ ಬಂದು ನಾಳದ ಯಾವ ಭಾಗಕ್ಕೆ ತೆರೆಯುತ್ತವೆ ಎಂಬುದು ಒಂದೇ ನೋಟಕ್ಕೆ ಸಿಕ್ಕಿತು. 1968ರಿಂದ 1981ರವರೆಗೆ ಬರೆದ ಲೇಖನಗಳಲ್ಲಿ ಅವರು ಹಾಲೆಗಳನ್ನು ಕೈಬಿಟ್ಟು ವಲಯಗಳನ್ನು ಗುರುತಿಸಿದರು. ಇವತ್ತು ಎಂಆರ್‌ಐ ವರದಿಯಲ್ಲಿ ಬರೆಯುವುದೂ, ಬಯಾಪ್ಸಿ ಸೂಜಿ ಹೋಗುವುದೂ ಆ ನಕ್ಷೆಯ ಮೇಲೆಯೇ.

ನಕ್ಷೆ ಸರಳ. ಹಿಂಭಾಗ ಮತ್ತು ಎರಡೂ ಪಕ್ಕವನ್ನು ಬಳಸಿಕೊಂಡು, ಕೆಳತುದಿಯವರೆಗೂ ಬಟ್ಟಲಿನ ಹಾಗೆ ಹಬ್ಬಿರುವುದು ಹೊರವಲಯ. ಹರೆಯದ ಗಂಡಸಿನಲ್ಲಿ ಗ್ರಂಥಿಭಾಗದ ಸುಮಾರು 70 ಪಾಲು ಇದೇ. ವೀರ್ಯ ಬರುವ ಎರಡು ಸಣ್ಣ ನಾಳಗಳನ್ನು ಸುತ್ತುವರಿದು, ಮೂತ್ರಕೋಶದ ಕಡೆಗೆ ಅಗಲವಾಗುವ ಆಲಿಕೆಯಂಥದ್ದು ಕೇಂದ್ರವಲಯ. ಅದು 25 ಪಾಲು. ಹೆಸರು ಕೇಂದ್ರ ಎಂದಿದ್ದರೂ ಅದು ಇರುವುದು ಮೇಲೆ ಮತ್ತು ಹಿಂದೆ. ಈ ಹೆಸರಿನಿಂದ ವೈದ್ಯ ವಿದ್ಯಾರ್ಥಿಗಳು ಇವತ್ತಿಗೂ ದಾರಿ ತಪ್ಪುತ್ತಾರೆ. ಮೂತ್ರನಾಳ ಬಾಗುವ ಜಾಗದ ಎರಡೂ ಮಗ್ಗುಲಿಗೆ ಅಂಟಿಕೊಂಡಿರುವ ಎರಡು ಪುಟ್ಟ ಗಂಟುಗಳು ಸಂಧಿವಲಯ. ಬರೀ 5 ಪಾಲು. ಮುಂಭಾಗದಲ್ಲಿ ಗ್ರಂಥಿಯೇ ಇಲ್ಲದ, ಸ್ನಾಯು ಮತ್ತು ನಾರಿನ ಒಂದು ಫಲಕ ಇದೆ. ಅದರ ಗೊಡವೆ ನಮಗೆ ಇಲ್ಲಿ ಬೇಡ.

ಮಾವನನ್ನು ರಾತ್ರಿ ನಾಲ್ಕು ಸಲ ಎಬ್ಬಿಸುತ್ತಿದ್ದದ್ದು ಆ 5 ಪಾಲಿನ ಸಂಧಿವಲಯ.

ಈ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ಸಂಗತಿ ಕಾಣುತ್ತವೆ: ಕುಳಿಗಳು ಮತ್ತು ಹಂದರ. ಕುಳಿ ಎಂದರೆ ದ್ರವ ಸ್ರವಿಸುವ ಗ್ರಂಥಿಯ ಅಡ್ಡನೋಟ. ಅದರ ಅಂಚು ನೆಟ್ಟಗಿರದೆ, ಒಳಗೆ ಮಡಿಕೆ ಮಡಿಕೆಯಾಗಿ ಚಾಚಿಕೊಂಡಿರುತ್ತದೆ. ಕುಳಿಯ ಗೋಡೆಗೆ ಎರಡು ಸಾಲು. ಒಳಸಾಲಿನಲ್ಲಿ ಎತ್ತರದ, ತಿಳಿಬಣ್ಣದ ಸ್ರಾವಕೋಶಗಳು. ಪಿಎಸ್‌ಎ ತಯಾರಾಗುವುದು ಅವುಗಳಲ್ಲೇ. ಅವುಗಳ ಬುಡದಲ್ಲಿ ಚಪ್ಪಟೆಯಾದ ತಳಕೋಶಗಳ ಇನ್ನೊಂದು ಸಾಲು. ಸಾಧಾರಣ ಬಣ್ಣದಲ್ಲಿ ಈ ತಳಸಾಲು ಒಮ್ಮೊಮ್ಮೆ ಕಣ್ಣಿಗೇ ಬೀಳುವುದಿಲ್ಲ. ಆದರೆ ಒಂದು ಗ್ರಂಥಿ ಕ್ಯಾನ್ಸರೋ ಅಲ್ಲವೋ ಎಂಬ ತೀರ್ಪು ಎಷ್ಟೋ ಸಲ ಅದರ ಮೇಲೆಯೇ ನಿಂತಿರುತ್ತದೆ. ಕುಳಿಗಳ ನಡುವೆ ತುಂಬಿಕೊಂಡಿರುವುದು ಹಂದರ, ಅಂದರೆ ನುಣುಪು ಸ್ನಾಯುವಿನ ಎಳೆಗಳೂ ನಾರೂ ಹೆಣೆದುಕೊಂಡ ಅಂಗಾಂಶ.

ಹೊರವಲಯದಲ್ಲಿ ಹಂದರ ಸಡಿಲ, ಕುಳಿಗಳು ಸರಳವಾಗಿ ದುಂಡಗೆ ಇರುತ್ತವೆ. ಸಂಧಿವಲಯದ ಕುಳಿಗಳು ಹೆಚ್ಚುಕಡಿಮೆ ಹಾಗೆಯೇ ಕಂಡರೂ ಅವುಗಳ ನಡುವಿನ ಹಂದರ ಬಿಗಿ, ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಮೂತ್ರನಾಳದ ಸುತ್ತಲಿನ ಸ್ನಾಯುವಿನ ತೋಳಿನೊಂದಿಗೆ ಈ ಹಂದರಕ್ಕೆ ಹತ್ತಿರದ ನಂಟು. ಊತದ ಕಥೆಯಲ್ಲಿ ಮುಂದಾಳತ್ವ ವಹಿಸುವುದೂ ಈ ಹಂದರವೇ ಎಂಬ ಗುಮಾನಿ ಬಲವಾಗಿದೆ.

1980ರ ದಶಕದಲ್ಲಿ ಜೆರಾಲ್ಡ್ ಕುನ್ಹಾ ಎಂಬ ವಿಜ್ಞಾನಿ ಇಲಿಗಳಲ್ಲಿ ಮಾಡಿದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. ಪ್ರಾಸ್ಟೇಟ್ ಮೂಡಲಿರುವ ಜಾಗದಿಂದ ಭ್ರೂಣದ ಹಂದರವನ್ನು ತೆಗೆದು, ಅದನ್ನು ದೊಡ್ಡ ಇಲಿಯ ಮೂತ್ರಕೋಶದ ಒಳಪೊರೆಯ ಕೋಶಗಳ ಜೊತೆ ಸೇರಿಸಿ ಬೆಳೆಸಿದಾಗ, ಆ ಮೂತ್ರಕೋಶದ ಕೋಶಗಳು ಪ್ರಾಸ್ಟೇಟ್ ಗ್ರಂಥಿಗಳಾಗಿ ಬೆಳೆದವು. ಅಂದರೆ ಏನಾಗಬೇಕು ಎಂದು ಹೇಳಿಕೊಡುವುದು ಹಂದರ, ಹೇಳಿದಂತೆ ಕೇಳುವುದು ಕೋಶ. ಇದಕ್ಕೂ ಮೊದಲೇ, 1978ರಲ್ಲಿ, ಮೆಕ್‌ನೀಲ್ ಒಂದು ಊಹೆ ಮುಂದಿಟ್ಟಿದ್ದರು. ಮುದಿತನದ ಪ್ರಾಸ್ಟೇಟ್ ಊತದಲ್ಲಿ ಹೊಸ ಕೊಳವೆಗಳು ಚಿಗುರಿ, ಕವಲೊಡೆದು, ಗಂಟು ಕಟ್ಟಿಕೊಳ್ಳುವ ರೀತಿ ಭ್ರೂಣದಲ್ಲಿ ಪ್ರಾಸ್ಟೇಟ್ ಮೂಡುವ ರೀತಿಯನ್ನೇ ಹೋಲುತ್ತದೆ, ಮೂತ್ರನಾಳದ ಸುತ್ತಲಿನ ಹಂದರ ತನ್ನ ಹಳೆಯ ಶಕ್ತಿಯನ್ನು ಇಳಿವಯಸ್ಸಿನಲ್ಲಿ ಮತ್ತೆ ಪಡೆದುಕೊಂಡಂತಿದೆ ಎಂದು. ಹಾಗಾಗಿ ಊತ ಎಲ್ಲಿ ಬೇಕೋ ಅಲ್ಲಿ ಹುಟ್ಟುವುದಿಲ್ಲ. ಆ ಹಂದರದ ಕೈಗೆಟುಕುವಷ್ಟು ದೂರದಲ್ಲಿ, ಎಂದರೆ ಸಂಧಿವಲಯದಲ್ಲಿ ಮತ್ತು ನಾಳದ ಗೋಡೆಯೊಳಗಿನ ಕಿರುಗ್ರಂಥಿಗಳಲ್ಲಿ ಮಾತ್ರ ಹುಟ್ಟುತ್ತದೆ.

ಇದಕ್ಕೆ ಹಾರ್ಮೋನಿನ ಒತ್ತಾಸೆಯೂ ಬೇಕು. ವೃಷಣದಿಂದ ಬರುವ ಟೆಸ್ಟೋಸ್ಟೆರೋನ್ ಪ್ರಾಸ್ಟೇಟಿನೊಳಗೆ ಬಂದ ಮೇಲೆ ಒಂದು ಕಿಣ್ವದ ಕೈಯಲ್ಲಿ ಡಿಎಚ್‌ಟಿ ಎಂಬ ಇನ್ನೂ ಚುರುಕಾದ ರೂಪಕ್ಕೆ ಮಾರ್ಪಡುತ್ತದೆ. ಈ ಕಿಣ್ವ ಹೆಚ್ಚಾಗಿ ಕೆಲಸ ಮಾಡುವುದು ಮತ್ತೆ ಹಂದರದ ಕೋಶಗಳಲ್ಲೇ. ಹುಡುಗರಾಗಿದ್ದಾಗಲೇ ಬೀಜ ಒಡೆಸಿಕೊಂಡಿದ್ದ ಚೀನಾದ ಅರಮನೆಯ ಕಡೆಯ ತಲೆಮಾರಿನ ನಪುಂಸಕರನ್ನು ಬೀಜಿಂಗ್‌ನ ವೈದ್ಯರು ಪರೀಕ್ಷಿಸಿ 1987ರಲ್ಲಿ ವರದಿ ಮಾಡಿದರು. 26 ಜನರಲ್ಲಿ 21 ಮಂದಿಗೆ ಪ್ರಾಸ್ಟೇಟ್ ಬೆರಳಿಗೇ ಸಿಗಲಿಲ್ಲ. ಡೊಮಿನಿಕನ್ ಗಣರಾಜ್ಯದಲ್ಲಿ ಆ ಕಿಣ್ವವೇ ಇಲ್ಲದೆ ಹುಟ್ಟುವ ಕೆಲವು ಕುಟುಂಬಗಳ ಗಂಡಸರ ಬಗ್ಗೆ 1974ರಲ್ಲಿ ವರದಿ ಬಂತು. ಅವರಿಗೆ ಟೆಸ್ಟೋಸ್ಟೆರೋನ್ ಇದೆ, ಪ್ರಾಸ್ಟೇಟ್ ಮಾತ್ರ ಬೆಳೆಯುವುದಿಲ್ಲ. ಇದನ್ನು ನೋಡಿಯೇ ಆ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ ಮಾತ್ರೆ ಹುಟ್ಟಿದ್ದು. ಮಾವನಿಗೂ ಆಪರೇಷನ್ನಿಗೆ ಮುಂಚೆ ಅದನ್ನು ಕೊಟ್ಟಿದ್ದರು, ಅವರು ಎರಡು ತಿಂಗಳಿಗೇ ಬೇಸತ್ತು ಬಿಟ್ಟಿದ್ದರು. ಅದು ಕೆಲಸ ತೋರಿಸಲು ಆರು ತಿಂಗಳಾದರೂ ಬೇಕು.

ಐವತ್ತರ ಆಸುಪಾಸಿನ ಗಂಡಸರ ಪ್ರಾಸ್ಟೇಟ್ ಕೊಯ್ದು ನೋಡಿದರೆ ಅರ್ಧದಷ್ಟು ಜನರಲ್ಲಿ ಈ ಗಂಟುಗಳು ಶುರುವಾಗಿರುತ್ತವೆ. ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಕೊಡುವಾಗ ಗಾತ್ರಕ್ಕಿಂತ ಜಾಗದ ಪಾತ್ರವೇ ದೊಡ್ಡದು. ನಾಯಿಗಳಿಗೂ ವಯಸ್ಸಾದ ಮೇಲೆ ಪ್ರಾಸ್ಟೇಟ್ ಊದಿಕೊಳ್ಳುತ್ತದೆ, ಆದರೆ ಅವುಗಳಲ್ಲಿ ಮನುಷ್ಯನಂಥ ವಲಯಗಳಿಲ್ಲ. ಗ್ರಂಥಿ ಇಡಿಯಾಗಿ ಹೊರಕ್ಕೆ ಉಬ್ಬಿ ಗುದನಾಳವನ್ನು ಅಮುಕುತ್ತದೆ. ಹಾಗಾಗಿ ಊದಿದ ಪ್ರಾಸ್ಟೇಟಿನ ನಾಯಿ ಪಶುವೈದ್ಯರ ಹತ್ತಿರ ಬರುವುದು ಹೆಚ್ಚಾಗಿ ಮಲಬದ್ಧತೆಯ ದೂರಿನಿಂದ. ಮನುಷ್ಯನಲ್ಲಿ ಊತ ನಾಳದ ಮಗ್ಗುಲಲ್ಲೇ ಹುಟ್ಟಿ, ಹೊರಗಿನ ಕವಚ ಬಿಗಿಯಾಗಿರುವುದರಿಂದ ಒಳಕ್ಕೇ ಒತ್ತುತ್ತದೆ. ಮೂತ್ರದ ಧಾರೆ ಸಣ್ಣಗಾಗುವುದು, ತಡೆದು ತಡೆದು ಬರುವುದು, ಪೂರ್ತಿ ಹೋಗಲಿಲ್ಲ ಅನ್ನಿಸುವುದು ಎಲ್ಲ ಈ ಒತ್ತಿಗೆ. ಜೊತೆಜೊತೆಗೆ ಹೊರವಲಯ ಹೊರಗೋಡೆಯ ಕಡೆಗೆ ಅಮುಕಿಹೋಗಿ ತೆಳ್ಳಗಾಗುತ್ತದೆ. ಫ್ರೇಯರ್ ಬೆರಳಿಗೆ ಕವಚದ ಹಾಗೆ ಸಿಕ್ಕಿದ್ದು ಅದೇ.

ಮಾವನಿಗೆ 66ನೇ ವಯಸ್ಸಿನಲ್ಲಿ ಆದದ್ದು ಟಿಯುಆರ್‌ಪಿ. ಇದರಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರನಾಳದ ಮೂಲಕವೇ ಸಲಕರಣೆ ಇಳಿಸಿ, ವಿದ್ಯುತ್ತಿನಿಂದ ಕಾಯುವ ತಂತಿಯ ಕುಣಿಕೆಯಿಂದ ಊತವನ್ನು ಒಳಗಿಂದ ಹೆರೆದು ತೆಗೆಯುತ್ತಾರೆ. ಡಬ್ಬಿಯಲ್ಲಿ ಫಾರ್ಮಲಿನ್ ಹಾಕಿ ನಮ್ಮ ಲ್ಯಾಬಿಗೆ ಕಳಿಸುವ ಆ ಚೂರುಗಳನ್ನು ಚಿಪ್ಸ್ ಅಂತಲೇ ಕರೆಯುತ್ತೇವೆ. ಬೂದು ಹಳದಿ ಬಣ್ಣ, ಮುಟ್ಟಿದರೆ ರಬ್ಬರಿನ ಹಾಗೆ, ಅಂಚು ಸುಟ್ಟು ಕಂದಾಗಿರುತ್ತದೆ. ಮಾವನ ಡಬ್ಬಿಯಲ್ಲಿದ್ದದ್ದು 36 ಗ್ರಾಂ. ನಿಯಮದ ಪ್ರಕಾರ ಮೊದಲ 12 ಗ್ರಾಂ ಪೂರ್ತಿ, ಆಮೇಲೆ ಪ್ರತಿ 5 ಗ್ರಾಮಿಗೆ ಒಂದು ಕ್ಯಾಸೆಟ್‌ನಂತೆ ತೆಗೆದು ಸ್ಲೈಡ್ ಮಾಡಬೇಕು. ಸ್ವಂತದವರದ್ದು ಎಂದು ನಾನು ಮುಟ್ಟಲಿಲ್ಲ, ಸಹೋದ್ಯೋಗಿ ನೋಡಿದರು. ಹಂದರದ ಗಂಟುಗಳು, ಕುಳಿಗಳ ಗಂಟುಗಳು, ಎಲ್ಲ ಕುಳಿಗೂ ಎರಡೂ ಸಾಲು ಇದೆ. ಕ್ಯಾನ್ಸರ್ ಇಲ್ಲ ಎಂದು ವರದಿ ಹೋಯಿತು.

ವರದಿ ಸುಳ್ಳಲ್ಲ. ಆದರೆ ಅದು ಆ ಡಬ್ಬಿಯಲ್ಲಿದ್ದ ಚೂರುಗಳ ಬಗ್ಗೆ ಮಾತ್ರ ಸತ್ಯ. ಆ ಚೂರುಗಳೆಲ್ಲ ಬಹುಮಟ್ಟಿಗೆ ಸಂಧಿವಲಯದವು. ಹೊರವಲಯ ಮಾವನ ಮೈಯಲ್ಲೇ ಇತ್ತು.

ಈಗ ಕ್ಯಾನ್ಸರಿನ ಲೆಕ್ಕಕ್ಕೆ ಬರೋಣ. ಮೆಕ್‌ನೀಲ್ ಮತ್ತು ಸಂಗಡಿಗರು 1988ರಲ್ಲಿ, ಕ್ಯಾನ್ಸರಿಗಾಗಿ ಇಡಿಯಾಗಿ ತೆಗೆದ ಪ್ರಾಸ್ಟೇಟುಗಳಲ್ಲಿ ಗಡ್ಡೆ ಎಲ್ಲಿ ಹುಟ್ಟಿತ್ತು ಎಂದು ಗುರುತಿಸಿದರು. ನೂರಕ್ಕೆ 68 ಹೊರವಲಯದಲ್ಲಿ, 24 ಸಂಧಿವಲಯದಲ್ಲಿ, 8 ಕೇಂದ್ರವಲಯದಲ್ಲಿ. ಇದನ್ನು ಎಲ್ಲ ಪುಸ್ತಕಗಳೂ ಉದ್ಧರಿಸುತ್ತವೆ. ಆದರೆ ಗಣಿತದ ಮೇಷ್ಟ್ರಾದವರು ಇಲ್ಲಿ ಒಂದು ಪ್ರಶ್ನೆ ಎತ್ತದೆ ಇರುವುದಿಲ್ಲ, ಮಾವನೂ ಎತ್ತಿದರು. "ಹೊರವಲಯ 70 ಪಾಲು ಇದೆ, ಕ್ಯಾನ್ಸರ್ 68 ಪಾಲು ಇದೆ. ಜಾಗ ಹೆಚ್ಚಿದ್ದಲ್ಲಿ ಕಾಯಿಲೆ ಹೆಚ್ಚು. ಇದರಲ್ಲಿ ವಿಶೇಷ ಏನು ಬಂತು?"

ಒಳ್ಳೆಯ ಪ್ರಶ್ನೆ. ವಿಶೇಷ ಇರುವುದು ಉಳಿದ ಎರಡು ಅಂಕಿಗಳಲ್ಲಿ. ಕೇಂದ್ರವಲಯ ಹರೆಯದಲ್ಲಿ ಗ್ರಂಥಿಯ ಕಾಲು ಭಾಗ, ಆದರೂ ಕ್ಯಾನ್ಸರಿನ ಪಾಲು ಹತ್ತಕ್ಕೂ ಕಡಿಮೆ. ಇನ್ನು ಸಂಧಿವಲಯ. ಅದರ 5 ಪಾಲು ಹರೆಯದವರ ಲೆಕ್ಕ. ಕ್ಯಾನ್ಸರ್ ಬರುವ ವಯಸ್ಸಿಗೆ ಅದು ಊದಿ, ಮಾವನಂಥವರಲ್ಲಿ ಇಡೀ ಗ್ರಂಥಿಯ ಅರ್ಧಕ್ಕಿಂತ ಹೆಚ್ಚಾಗಿರುತ್ತದೆ. ಕೋಶಗಳು ಎಡೆಬಿಡದೆ ಹೆಚ್ಚುತ್ತಿರುವ ಅಷ್ಟು ದೊಡ್ಡ ಜಾಗದಲ್ಲಿ ಹುಟ್ಟುವ ಕ್ಯಾನ್ಸರ್ ಕಾಲು ಭಾಗ ಮಾತ್ರ. ಅಂದರೆ ಊತ ಕ್ಯಾನ್ಸರಿನ ಮೊದಲ ಮೆಟ್ಟಿಲಲ್ಲ. ಊತ ಇದ್ದವರಿಗೆ ಕ್ಯಾನ್ಸರ್ ಬರುವುದಿಲ್ಲ ಅಂತಲೂ ಅಲ್ಲ. ಎರಡೂ ಒಂದೇ ವಯಸ್ಸಿನಲ್ಲಿ ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ನಡೆಯುವ ವ್ಯವಹಾರ.

ಹೊರವಲಯವೇ ಯಾಕೆ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಕೊಳವೆಗಳ ಓಟದಿಂದ ಶುರುವಾಗುವ ವಿವರಣೆ. ಕೇಂದ್ರವಲಯದ ಮತ್ತು ಸಂಧಿವಲಯದ ಕೊಳವೆಗಳು ಮೂತ್ರನಾಳಕ್ಕೆ ಓರೆಯಾಗಿ ಬಂದು ಸೇರುತ್ತವೆ. ಮೂತ್ರ ಒತ್ತಡದಿಂದ ಹರಿಯುವಾಗ ಆ ಓರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊರವಲಯದ ಕೊಳವೆಗಳು ನಾಳದ ಕೆಳಭಾಗಕ್ಕೆ ಹೆಚ್ಚುಕಡಿಮೆ ಅಡ್ಡಲಾಗಿ ತೆರೆಯುತ್ತವೆ. ಮೂತ್ರ ಹಿಂದಕ್ಕೆ ನುಗ್ಗಲು ಅಲ್ಲಿ ಅಡ್ಡಿಯಿಲ್ಲ. 1982ರಲ್ಲಿ ಬ್ರಿಟನ್ನಿನ ಕಿರ್ಬಿ ಮತ್ತು ಸಂಗಡಿಗರು, ಪ್ರಾಸ್ಟೇಟ್ ಆಪರೇಷನ್ನಿಗೆ ಬಂದವರ ಮೂತ್ರಕೋಶಕ್ಕೆ ಇಂಗಾಲದ ನುಣ್ಣನೆಯ ಪುಡಿ ಬೆರೆಸಿದ ದ್ರವ ಹಾಕಿದರು. ಆಮೇಲೆ ತೆಗೆದ ಚೂರುಗಳಲ್ಲಿ ಗ್ರಂಥಿಯ ಕೊಳವೆಯೊಳಗೆ ಆ ಕಪ್ಪು ಪುಡಿ ಸಿಕ್ಕಿತು. ಮೂತ್ರ ಪ್ರಾಸ್ಟೇಟಿನೊಳಗೆ ಹಿಂದಕ್ಕೆ ಹೋಗುತ್ತದೆ ಎಂಬುದಕ್ಕೆ ಅದೇ ಪುರಾವೆ.

ಹಾಗೆ ಒಳಹೋದ ಮೂತ್ರ, ಅದರ ಹರಳುಗಳು, ಆಗೊಮ್ಮೆ ಈಗೊಮ್ಮೆ ಸೋಂಕು ಎಲ್ಲ ಸೇರಿ ಹೊರವಲಯದಲ್ಲಿ ಸಣ್ಣ ಮಟ್ಟದ ಉರಿಯೂತ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಸ್ಲೈಡಿನಲ್ಲಿ ಇದು ನಮಗೆ ದಿನಾ ಕಾಣುವ ದೃಶ್ಯ. ಸುತ್ತ ಬಿಳಿರಕ್ತಕಣಗಳ ಗುಂಪು, ನಡುವೆ ಸೊರಗಿದ ಕುಳಿಗಳು. ಸೊರಗಿದ್ದರೂ ಅವುಗಳ ಕೋಶಗಳು ಸುಮ್ಮನಿರುವುದಿಲ್ಲ, ಆದ ಹಾನಿ ತುಂಬಿಕೊಳ್ಳಲು ಒಂದೇ ಸಮನೆ ಒಡೆಯುತ್ತಿರುತ್ತವೆ. 1999ರಲ್ಲಿ ಡಿ ಮಾರ್ಜೊ ಮತ್ತು ಸಂಗಡಿಗರು ಈ ತಾಣಗಳೇ ಹೊರವಲಯದ ಕ್ಯಾನ್ಸರಿನ ನೆಲ ಇರಬಹುದು ಎಂದು ವಾದಿಸಿದರು. ಪೆಟ್ಟು ಬೀಳುತ್ತಲೇ ಇರುವ ಜಾಗದಲ್ಲಿ, ಪೆಟ್ಟನ್ನು ತಾಳಿಕೊಳ್ಳುವ ಜೀನುಗಳು ಬಾಯಿಮುಚ್ಚಿದ ಒಂದು ಕೋಶ ಹದ ತಪ್ಪುತ್ತದೆ ಎಂಬ ಲೆಕ್ಕ. ಇದೂ ಇನ್ನೂ ವಾದವೇ. ಸೊರಗಿದ ಕುಳಿ ಕಂಡ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಬಹುಪಾಲು ಜನರಿಗೆ ಬರುವುದೇ ಇಲ್ಲ.

ಇನ್ನೊಂದು ಸುಳಿವು ಜೀನುಗಳದ್ದು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಎರಡು ಜೀನುಗಳು ಮುರಿದು ಒಂದಕ್ಕೊಂದು ಬೆಸೆದುಕೊಳ್ಳುವುದು 2005ರಲ್ಲಿ ಗೊತ್ತಾಯಿತು. ಈ ಬೆಸುಗೆ ಹೊರವಲಯದ ಗಡ್ಡೆಗಳಲ್ಲಿ ಸಾಮಾನ್ಯ, ಸಂಧಿವಲಯದ ಗಡ್ಡೆಗಳಲ್ಲಿ ಅಪರೂಪ. ಹೊರಗಿನ ಕ್ಯಾನ್ಸರು, ಒಳಗಿನ ಕ್ಯಾನ್ಸರು ಎರಡಕ್ಕೂ ಹೆಸರು ಒಂದೇ ಆದರೂ ಹುಟ್ಟು ಒಂದೇ ಅಲ್ಲ ಎಂದು ಇದರಿಂದ ಅನ್ನಿಸುತ್ತದೆ. ಕೇಂದ್ರವಲಯ ಯಾಕೆ ಬಚಾವಾಗುತ್ತದೆ ಎಂಬುದಕ್ಕೆ ಮೆಕ್‌ನೀಲ್ ಅದರ ಮೂಲವನ್ನೇ ಬೊಟ್ಟು ಮಾಡಿದ್ದರು. ಅದರ ಕುಳಿಗಳು ದೊಡ್ಡವು, ಒಳಗೆ ಕಮಾನು ಕಮಾನಾಗಿ ಚಾಚಿರುವಂಥವು, ನೋಡಲು ಪಕ್ಕದ ವೀರ್ಯಕೋಶದ ಹಾಗೆ. ವೀರ್ಯಕೋಶದಲ್ಲೂ ಕ್ಯಾನ್ಸರ್ ಹುಟ್ಟುವುದು ಬಲು ಅಪರೂಪ. ಎರಡೂ ಭ್ರೂಣದಲ್ಲಿ ಒಂದೇ ಕಡೆಯಿಂದ ಬಂದಿರಬಹುದು ಎಂಬ ಅವರ ಊಹೆಯನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ.

ಜಾಗದ ವ್ಯತ್ಯಾಸ ರೋಗಿಗೆ ತಟ್ಟುವುದು ಬೇರೆಯೇ ರೀತಿ. ಹೊರವಲಯ ಮೂತ್ರನಾಳದಿಂದ ದೂರ. ಅಲ್ಲಿ ಹುಟ್ಟಿದ ಗಡ್ಡೆ ನಾಳವನ್ನು ಒತ್ತಬೇಕಾದರೆ ಎಷ್ಟೋ ದೊಡ್ಡದಾಗಬೇಕು. "ಮೂತ್ರ ಸಲೀಸಾಗಿ ಹೋಗುತ್ತಿದೆ, ನನಗೇನೂ ಇಲ್ಲ" ಅನ್ನುವವರು ತಮ್ಮ ಸಂಧಿವಲಯದ ಬಗ್ಗೆ ಮಾತ್ರ ಹೇಳುತ್ತಿರುತ್ತಾರೆ. ಹಾಗೇ, ಧಾರೆ ಸಣ್ಣಗಾಯಿತೆಂದು ಕ್ಯಾನ್ಸರಿಗೆ ಹೆದರಿ ಓಡಿಬರುವವರಲ್ಲಿ ಬಹುಪಾಲಿನವರದ್ದು ಬರೀ ಊತ. ಹೊರವಲಯ ಗುದನಾಳಕ್ಕೆ ಅಂಟಿಕೊಂಡೇ ಇರುವುದರಿಂದ ಅಲ್ಲಿನ ಗಡ್ಡೆ ವೈದ್ಯರ ಬೆರಳಿಗೆ ಸಿಗುತ್ತದೆ. ಗಂಡಸರು ಹೇಸಿಕೊಂಡು ಬೇಡವೆನ್ನುವ ಆ ಬೆರಳು ಪರೀಕ್ಷೆ ಎಟುಕುವುದೂ ಅಷ್ಟು ಭಾಗಕ್ಕೇ.

ಮಾವನ ಹಳೆಯ ಫೈಲು ತರಿಸಿದೆ. ಆಪರೇಷನ್ನಿಗೆ ಮುಂಚೆ ಪಿಎಸ್‌ಎ 5.7 ಇತ್ತು, ಸ್ಕ್ಯಾನಿನಲ್ಲಿ ಗ್ರಂಥಿ 60 ಸಿಸಿ. ಆಪರೇಷನ್ ಆಗಿ ಆರು ತಿಂಗಳಿಗೆ 0.9. ಈಗ 3.8. ಈಚಿನ ಸ್ಕ್ಯಾನಿನಲ್ಲಿ ಉಳಿದಿರುವ ಪ್ರಾಸ್ಟೇಟ್ 22 ಸಿಸಿ. "ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿ ನೋಡಿ ಮಾವ" ಅಂದೆ. ವರದಿಯ ಬೆನ್ನ ಮೇಲೇ ಲೆಕ್ಕ ಮಾಡಿದರು. ಅಂದು 5.7ನ್ನು 60ರಿಂದ ಭಾಗಿಸಿದರೆ 0.095. ಇಂದು 3.8ನ್ನು 22ರಿಂದ ಭಾಗಿಸಿದರೆ 0.173. ಸುಮಾರು 0.15ನ್ನು ದಾಟಿದರೆ ನಾವು ಕಿವಿ ನಿಮಿರಿಸುತ್ತೇವೆ. ಅಂದು ಅಂಕಿ ದೊಡ್ಡದಿದ್ದರೂ ಅಷ್ಟು ದೊಡ್ಡ ಊತಕ್ಕೆ ಅದು ತಕ್ಕದ್ದೇ ಆಗಿತ್ತು. ಇಂದು ಅಂಕಿ ಸಣ್ಣದು, ಆದರೆ ಪಿಎಸ್‌ಎ ಸುರಿಸುವ ಊತವೇ ಇಲ್ಲ. ಉಳಿದ ಸಿಪ್ಪೆಯಿಂದ ಇಷ್ಟು ಬರಬಾರದು. ವರದಿಯಲ್ಲಿ ಅಚ್ಚಾಗಿದ್ದ 4ರ ಗೆರೆ ಟಿಯುಆರ್‌ಪಿ ಆದವರಿಗೆ ಹಾಕಿದ್ದಲ್ಲ. ಅವರು ತಮ್ಮದೇ ಹಳೆಯ ಅಂಕಿಯ ಜೊತೆ ಹೋಲಿಸಿ ನೋಡಿಕೊಳ್ಳಬೇಕು. ಒಂದು ಸಲದ ಏರಿಕೆ ಸೋಂಕಿನಿಂದಲೂ ಆಗಬಹುದು ಎಂದು ಆರು ವಾರ ಬಿಟ್ಟು ಮತ್ತೆ ಮಾಡಿಸಿದೆವು. ಬಂದದ್ದು 4.1.

ಯುರಾಲಜಿಸ್ಟ್ ಬೆರಳಿಟ್ಟು ನೋಡಿ ಎಡಗಡೆ ಗಟ್ಟಿ ಇದೆ ಎಂದರು. ಎಂಆರ್‌ಐ ಆಯಿತು. ಹೊರವಲಯದ ಕುಳಿಗಳಲ್ಲಿ ದ್ರವ ತುಂಬಿರುವುದರಿಂದ ಅದು ಚಿತ್ರದಲ್ಲಿ ಬೆಳ್ಳಗೆ ಹೊಳೆಯಬೇಕು. ಎಡ ಹಿಂಭಾಗದಲ್ಲಿ ಆ ಬಿಳುಪಿನ ನಡುವೆ ಕಪ್ಪು ಮಚ್ಚೆಯೊಂದಿತ್ತು. ಮೂತ್ರನಾಳದ ಸುತ್ತ, ಹೆರೆದು ತೆಗೆದ ಜಾಗದಲ್ಲಿ, ಬಾವಿಯ ಹಾಗೆ ಖಾಲಿ. ಬಯಾಪ್ಸಿಯಲ್ಲಿ ತೆಗೆದ 12 ಎಳೆಗಳಲ್ಲಿ ಮೂರರಲ್ಲಿ ಕ್ಯಾನ್ಸರ್, ಮೂರೂ ಎಡ ಹೊರವಲಯದವು. ಗ್ಲೀಸನ್ 3 ಮತ್ತು 4 ಸೇರಿ 7. ಮಧ್ಯಮ ದರ್ಜೆಯದು, ಹೊರಗೆ ಹಬ್ಬಿರಲಿಲ್ಲ.

ಮಾವನಿಗೆ ಸ್ಲೈಡ್ ನೋಡಲೇಬೇಕೆಂದು ಹಟ. ಎರಡು ಕಣ್ಣುಗೂಡು ಜೋಡಿಸಿದ ಸೂಕ್ಷ್ಮದರ್ಶಕದಲ್ಲಿ ಎದುರು ಬದುರು ಕೂತೆವು. ತಳಕೋಶಗಳಿಗೆ ಮಾತ್ರ ಕಂದುಬಣ್ಣ ಹಿಡಿಯುವ ಸ್ಲೈಡ್ ಇಟ್ಟೆ. ಒಂದು ಕಡೆ ಮಡಿಕೆ ಮಡಿಕೆಯ ದೊಡ್ಡ ಕುಳಿಗಳು, ಪ್ರತಿಯೊಂದರ ಸುತ್ತ ಕಂದು ಚುಕ್ಕಿಗಳ ಸಾಲು. ಅವುಗಳ ಮಗ್ಗುಲಲ್ಲೇ ಹಂದರದ ಎಳೆಗಳ ನಡುವೆ ನುಸುಳಿಕೊಂಡ ಪುಟ್ಟ ಪುಟ್ಟ ದುಂಡು ಕುಳಿಗಳು, ಅವುಗಳ ಸುತ್ತ ಒಂದು ಚುಕ್ಕಿಯೂ ಇಲ್ಲ.

"ಇವಕ್ಕೆ ಬೇಲಿ ಇದೆ. ಇವಕ್ಕೆ ಇಲ್ಲ" ಅಂದರು ಮಾವ.

"ಬೇಲಿ ಇಲ್ಲದ್ದೇ ಕ್ಯಾನ್ಸರ್."

"ಆವತ್ತು ಡಬ್ಬಿಯಲ್ಲಿ ಬಂದದ್ದಕ್ಕೆ?"

"ಎಲ್ಲಕ್ಕೂ ಬೇಲಿ ಇತ್ತು."

ತುಸು ಹೊತ್ತು ಕಣ್ಣುಗೂಡಿನಿಂದ ಮುಖ ತೆಗೆಯಲಿಲ್ಲ. ಆಮೇಲೆ ರೇಡಿಯೇಷನ್ ತೆಗೆದುಕೊಂಡರು. ಈಗ ಮೂರು ತಿಂಗಳಿಗೊಮ್ಮೆ ಪಿಎಸ್‌ಎ ಮಾಡಿಸುತ್ತಾರೆ, ಬಂದ ಅಂಕಿಯನ್ನು ಚೌಕಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಾರೆ. ಹೋದ ತಿಂಗಳು ಆ ಫೈಲನ್ನು ಮತ್ತೆ ನೋಡಿದೆ. ರಟ್ಟಿನ ಮೇಲೆ ಏಳು ವರ್ಷದ ಹಿಂದೆ ಅವರೇ ಬರೆದಿದ್ದ 'ಪ್ರಾಸ್ಟೇಟ್ ತೆಗೆಸಿದ್ದು' ಎಂಬ ಸಾಲಿಗೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಮೇಷ್ಟ್ರ ಅಕ್ಷರದಲ್ಲಿ 'ಸಂಧಿವಲಯ ಮಾತ್ರ' ಎಂದು ತಿದ್ದಿದ್ದರು.